ಬಾ... ಬನ್ನಿ... ಬರಬೇಕು!

ಬೆಲ್ ಆಯ್ತು, ಬಾಗಿಲು ತೆಗೆದ್ರಿ. ಎದುರಿಗೆ ಒಂದು ದಂಡೇ ನಿಂತಿದೆ. ಚಿಕ್ಕಮ್ಮನ ಮಗ (ಜೊತೆಗೆ ಗೋಲಿ ಆಡಿದವನು, "ಲೋ" ಗಿರಾಕಿ), ಅವನ ಹೊಸ ಹೆಂಡತಿ, ಆಕೆಯ ಅಜ್ಜಿ, ಅಕ್ಕನ ಐದು ವರ್ಷದ ಮಗ. ಹಿಂದೆ ಕಾರಿನ ಹತ್ರ ಡ್ರೈವರ್. ಈಗ ನಿಜ ಹೇಳಿ, ನಿಮ್ಮ ಬಾಯಿಂದ ಮೊದಲು ಬರೋ ಮಾತು ಯಾವುದು?

"ಬನ್ನಿ ಬನ್ನಿ ಬನ್ನಿ!" ಅಲ್ವಾ? ಗೊತ್ತಿತ್ತು ಬಿಡಿ. ಒಬ್ಬರೇ ಹಿರಿಯರಿದ್ರೂ "ಬನ್ನಿ", ನಾಲ್ಕು ಪೋಕರಿಗಳು ಗುಂಪಾಗಿ ಬಂದ್ರೂ "ಬನ್ನಿ". ಅಜ್ಜಿ ಅದನ್ನ ಮರ್ಯಾದೆ ಅಂದ್ಕೊಂಡ್ರು, ಗೋಲಿ ಗೆಳೆಯ ಬಹುವಚನ ಅಂದ್ಕೊಂಡ. ಹೋಲ್‌ಸೇಲ್ ವ್ಯವಹಾರದಲ್ಲಿ ನೀವು ಪಾಸು. ಕಷ್ಟ ಇರೋದು ರೀಟೇಲ್‌ನಲ್ಲಿ, ಅಂದ್ರೆ ಸೋಫಾ ಮೇಲೆ ಕೂತ ಮೇಲೆ ಒಬ್ಬೊಬ್ಬರನ್ನೇ ಮಾತಾಡಿಸುವಾಗ.

"ನೀನು, ನೀವು ಅನ್ನೋದನ್ನೇ ನುಂಗಿಬಿಟ್ರಾಯ್ತು" ಅಂತೀರಾ? ನುಂಗಿ ನೋಡೋಣ. ಕ್ರಿಯಾಪದ ಬಾಲ ಬಿಚ್ಚಿ ತೋರಿಸ್ಬಿಡುತ್ತೆ. "ಯಾವಾಗ ಬಂದೆ" ಅಂದ್ರೆ ನೀನು, "ಯಾವಾಗ ಬಂದ್ರಿ" ಅಂದ್ರೆ ನೀವು. ಅದಕ್ಕೇ ಅಲ್ವಾ ನೀವು ಹೊಸಬರ ಮುಂದೆ "ಕೂತ್ಕೋ..." ಅಂತ ಶುರು ಮಾಡಿ, ಅವರ ಮುಖ ನೋಡಿ, "...ಳ್ಳಿ" ಅಂತ ಮುಗಿಸೋದು? (ಆ ನಡುವಿನ ಗ್ಯಾಪ್ ಅಡುಗೆಮನೆವರೆಗೂ ಕೇಳ್ಸುತ್ತೆ.)

ಆದ್ರೆ ನೀವೇನು ಸಾಮಾನ್ಯರಾ? ದಾರಿ ಹುಡುಕಿಟ್ಕೊಂಡಿದ್ದೀರಿ. "ಕಾಫಿ ಬೇಕಾ?" "ಸಕ್ಕರೆ ಸಾಕಾ?" "ತಿಂಡಿ ಆಯ್ತಾ?" ಈ ಬೇಕು, ಸಾಕು, ಆಯ್ತುಗಳಿಗೆ ಚಿಕ್ಕೋರು ದೊಡ್ಡೋರು ಅನ್ನೋ ಭೇದಾನೇ ಇಲ್ಲ. ಅಜ್ಜಿಗೂ ಅದೇ, ಮೊಮ್ಮಗನಿಗೂ ಅದೇ. ಮುಂದೆ "ನಿಂಗೆ", "ನಿಮ್ಗೆ" ಅಂತ ಬಾಯಿ ಜಾರದಿದ್ರೆ ಸಾಕು. "ಬಂದಿದ್ದು ಯಾವಾಗ?" "ಹೊರಡೋದು ಎಷ್ಟೊತ್ತಿಗೆ?" (ಇದನ್ನ ಬಂದ ತಕ್ಷಣ ಕೇಳ್ಬೇಡಿ.) ಹೀಗೇ ಅರ್ಧ ದಿನ ತಳ್ಳಬಹುದು.

ಇದು ನಿಮ್ಮದೇ ಐಡಿಯಾ ಅಂತ ಬೀಗ್ಬೇಡಿ ಮತ್ತೆ. ಹಳೇ ಮೈಸೂರಿನ ಕಡೆ ನಮ್ಮ ಹಿರೀಕರು ಪಡಸಾಲೆಯಲ್ಲಿ ಎದ್ದು ನಿಂತು "ಬರಬೇಕು, ಬರಬೇಕು" ಅಂತಿದ್ರಲ್ಲ, ಎಲೆ ಹಾಕಿದ ಮೇಲೆ "ಏಳಬೇಕು ಊಟಕ್ಕೆ" ಅಂತಿದ್ರಲ್ಲ, ಅಲ್ಲೂ ಇದೇ ಕಿಲಾಡಿತನ. ಸ್ವಾಮಿಗಳು ಬಂದ್ರೂ ಬರಬೇಕು, ನಿನ್ನೆ ಮೊನ್ನೆ ಅಳಿಯನಾದ ಹುಡುಗ ಬಂದ್ರೂ ಬರಬೇಕು. ಮರ್ಯಾದೆಗೂ ಕಮ್ಮಿಯಿಲ್ಲ, ತಪ್ಪಾಗೋ ಭಯಾನೂ ಇಲ್ಲ.

ಈ ಆಟ ಧಾರವಾಡದ ಕಡೆ ಮಾತ್ರ ನಡೆಯಂಗಿಲ್ಲ. ಅಲ್ಲಿ ಬೇಕುಗೂ "ರಿ" ಅಂಟುತ್ತೆ. "ಚಾ ಬೇಕೇನ್ರಿ?" "ಸಾಕ್ರಿ." "ಹೌದ್ರಿ." ರಿ ಬಿಟ್ರೋ, ಬಿಟ್ಟಿದ್ದು ಎದ್ದು ಕಾಣುತ್ತೆ. ಹಂಗಂತ ಅಲ್ಲಿ ಬರೀ ಬಿಗುಮಾನ ಅಂದ್ಕೋಬೇಡಿ. ಬಿಳಿ ಮೀಸೆಯ ಸ್ವಂತ ಕಾಕಾನಿಗೆ "ಯಾವಾಗ ಬಂದಿ ಕಾಕಾ?" ಅಂತ ಕೇಳೋ ಮನೆಗಳೂ ಉಂಟು. ಸಲಿಗೆ ಕ್ರಿಯಾಪದದಲ್ಲಿ, ಗೌರವ "ಕಾಕಾ"ದಲ್ಲಿ.

ಸರಿ, ಈಗ ಜೋಡಿಗೆ ಬನ್ನಿ. ಗೆಳೆಯನಿಗೆ "ನೀನು ಸ್ಟ್ರಾಂಗ್ ಕುಡೀತೀಯಾ?", ಅವನ ಹೆಂಡತಿಗೆ "ನೀವು?" ಇದರಲ್ಲಿ ಗಂಡನಿಗೇನೂ ಅವಮಾನ ಇಲ್ಲ, ಹೊಸಬರಿಗೆ ಹೊಸತನದ ಮರ್ಯಾದೆ. ಅವರೇ "ನನ್ನ ನೀನು ಅನ್ನಿ ಪರ್ವಾಗಿಲ್ಲ" ಅನ್ನೋವರೆಗೆ ತಡ್ಕೊಳ್ಳಿ. ಅವರು ಹೇಳೋ ಮುಂಚೆ ನೀವೇ ಇಳಿದ್ರೆ, ಅದರ ಲೆಕ್ಕ ಕಾರಿನಲ್ಲಿ ಗೆಳೆಯನಿಗೆ ಸಿಗುತ್ತೆ.

ಅಂದ ಹಾಗೆ ಒಂದು ಗುಟ್ಟು ಕೇಳ್ತೀನಿ, ಹತ್ರ ಬನ್ನಿ. ನಿಮ್ಮ ತಂಗಿ ಗಂಡ ನಿಮಗಿಂತ ಚಿಕ್ಕೋನೇ ತಾನೇ? ಅವನಿಗೆ ಇವತ್ತಿಗೂ "ನೀವು". ನಿಮ್ಮ ತಮ್ಮನ ಹೆಂಡತಿ? ಗೃಹಪ್ರವೇಶದ ಅಕ್ಕಿ ಒದ್ದು ಒಳಗೆ ಬಂದ ವಾರಕ್ಕೇ "ನೀನು". ಇಬ್ಬರೂ ಮದುವೆ ಮೂಲಕ ಬಂದೋರೇ. ಒಬ್ಬರಿಗೆ ಲೈಫ್‌ಟೈಮ್ ಮರ್ಯಾದೆ, ಇನ್ನೊಬ್ಬರಿಗೆ ಅದು ಟ್ರಯಲ್ ಪ್ಯಾಕ್. (ಕೆಮ್ಮಬೇಡಿ, ನೀರು ಕುಡೀರಿ.)

ಮಕ್ಕಳ ವಿಷಯದಲ್ಲಿ ಏನು ತೊಂದ್ರೆ, "ಬಾ ಪುಟ್ಟಾ" ಅಂದ್ರೆ ಮುಗೀತು ಅಂತೀರಾ? ಪುಟ್ಟ ಬಂದು ಅಜ್ಜಿ ಮುಂದೆ ನಿಂತು "ಏ ಅಜ್ಜಿ, ನಿನ್ನ ಹಲ್ಲು ಎಲ್ಲೋಯ್ತು?" ಅಂತ ಕೇಳ್ದಾಗ ಗೊತ್ತಾಗುತ್ತೆ. ಅವನ ತಪ್ಪೇನಿದೆ? ಇಡೀ ಮನೆ ಅವನಿಗೆ ಹೇಳೋದು "ನೀನು" ಒಂದೇ. ಕಿವಿಗೆ ಬಿದ್ದಿದ್ದನ್ನ ಬಾಯಿ ವಾಪಸ್ ಕೊಡುತ್ತೆ. ಹಾಗಂತ ಎಲ್ಲರ ಮುಂದೆ "ನೀವು ಅನ್ನೋ!" ಅಂತ ಗದರಿದ್ರೆ, ಆ ಗದರಿಕೆಯಲ್ಲೂ ಅವನಿಗೆ ಸಿಕ್ಕಿದ್ದು "ಅನ್ನೋ", "ಅನ್ನಿ" ಅಲ್ಲ.

ಅದಕ್ಕೇ ಕೆಲವು ಮನೆಗಳಲ್ಲಿ ಕೂಸಿಗೇ ಬಹುವಚನ. "ಪುಟ್ಟಾ, ಬನ್ನಿ, ಮಮ್ಮು ಮಾಡಿ." ಉಪಾಯ ಕೆಲಸ ಮಾಡುತ್ತೆ, ಸ್ವಲ್ಪ ಜಾಸ್ತೀನೇ ಮಾಡುತ್ತೆ. ಒಂದಿಷ್ಟು ದಿನ "ಬೆಕ್ಕು ಬಂದ್ರು, ಹಾಲು ಕುಡಿದ್ರು" ಅಂತಾನೂ ಕೇಳಿಸ್ಕೋಬೇಕಾಗುತ್ತೆ. ಪರ್ವಾಗಿಲ್ಲ. ಬೆಕ್ಕನ್ನ ಮರ್ಯಾದೆಯಿಂದ ಕೆಳಗಿಳಿಸೋದು ಸುಲಭ, ಅಜ್ಜಿಯನ್ನ ಮೇಲೇರಿಸೋದು ಕಷ್ಟ.

ಇನ್ನು ಎತ್ತಿ ಆಡಿಸಿದ ಮಗು ಗಡ್ಡ ಬಿಟ್ಕೊಂಡು ಇಂಜಿನಿಯರಾಗಿ ಬರುತ್ತಲ್ಲ, ಆಗ? "ಎಷ್ಟು ದೊಡ್ಡೋನಾಗಿದ್ದೀಯೋ!" ಅಂತ ಶುರು ಮಾಡಿ, ಪಕ್ಕದಲ್ಲಿ ಅವನ ಹೆಂಡತಿ ಕಂಡ ಕೂಡ್ಲೇ "ಈಗ ಕೆಲಸ ಎಲ್ಲಿ?" ಅಂತ ಬಾಲವಿಲ್ಲದ ಮಾತಿಗೆ ಹಾರ್ತೀರಿ. ಒಳ್ಳೇದೇ. ಹೆಂಡತಿ, ಮಕ್ಕಳ ಎದುರು "ಲೋ" ಒಂದು ಕಮ್ಮಿಯಾದ್ರೆ ನಿಮ್ಮ ಗಂಟೇನೂ ಹೋಗಲ್ಲ.

ಅಯ್ಯೋ, ಕಾರಿನ ಹತ್ರ ಒಬ್ಬರನ್ನ ಮರೆತೇಬಿಟ್ವಿ. ಡ್ರೈವರ್. ಕಿವಿ ಮೇಲೆ ಬಿಳಿ ಕೂದಲು, ನಿಮ್ಮಪ್ಪನ ವಯಸ್ಸು. ನೀವು ಕಿಟಕಿಯಿಂದ ಕೂಗಿದ್ದು ಹೇಗೆ? "ಏನಪ್ಪಾ, ನೀನೂ ಬಂದು ಊಟ ಮಾಡು!" ಪ್ರೀತಿಯಿಂದಾನೇ ಕರೆದ್ರಿ, ಒಪ್ಪಿದೆ. ಆದ್ರೆ ಹೋದ ವಾರ ನಿಮ್ಮ ಮ್ಯಾನೇಜರ್ ಮಗ, ಇನ್ನೂ ಎಂಟನೇ ಕ್ಲಾಸು, ಮನೆಗೆ ಬಂದಾಗ "ನೀವು ಏನ್ ತಗೋತೀರಾ?" ಅಂದಿದ್ದು ಯಾರು? ಅವರ ನಾಯಿಗೂ "ಇವರ ಹೆಸರೇನು?" ಅಂತ ಕೇಳಿದ್ರಂತೆ! ವಯಸ್ಸು ನೋಡಿ ಬಹುವಚನ ಅಂತ ನಾವೆಲ್ಲ ಹೇಳ್ಕೊಳ್ತೀವಿ, ಕಣ್ಣು ನೋಡೋದು ಕಾರಿನಲ್ಲಿ ಯಾವ ಸೀಟು ಅಂತ. "ಬನ್ನಿ ಅಣ್ಣಾ, ಕೈ ತೊಳ್ಕೊಳ್ಳಿ" ಅನ್ನೋಕೆ ಅನ್ನಕ್ಕಿಂತ ಒಂದು ಅಗುಳೂ ಜಾಸ್ತಿ ಖರ್ಚಿಲ್ಲ.

ಅಂತೂ ಊಟ ಆಯ್ತು, ಎಲೆ ಅಡಿಕೆ ಆಯ್ತು, ಎಲ್ಲರೂ ಗೇಟಿನ ಹತ್ರ. ಗೆಳೆಯನಿಗೆ "ಹೋಗ್ಬಾ", ಅಜ್ಜಿಗೆ "ಹೋಗ್ಬನ್ನಿ". ಅವನ ಹೆಂಡತಿಗೆ? ಬೆಳಿಗ್ಗೆ "ನೀವು" ಅಂದಿದ್ದೇನೋ ಆಯ್ತು, ಕೊನೇವರೆಗೂ ಅದೇನಾ ಅಂತ ಇನ್ನೂ ನಿರ್ಧಾರ ಆಗಿಲ್ಲ. ಹಿರೀಕರನ್ನ ನೆನೆಸ್ಕೊಂಡು ನೀವು ಬಿಟ್ಟಿರಿ ಬಾಣ: "ಆಗಾಗ ಬರ್ತಾ ಇರ್ಬೇಕು!" ಆಕೆ ನಿಮ್ಮನ್ನ ಒಂದು ಗಳಿಗೆ ನೋಡಿ, ನಗು ಅದುಮ್ಕೊಂಡು ಅಂದ್ರು: "ಆಗ್ಲಿ, ನಮ್ಮನೆ ಕಡೇನೂ ಬರ್ಬೇಕು." ಪಾಪ, ಅವರೂ ಬೆಳಿಗ್ಗೆಯಿಂದ ನಿಮ್ಮ ವಯಸ್ಸು ಎಷ್ಟಿರಬಹುದು ಅಂತ ಲೆಕ್ಕ ಹಾಕ್ತಾನೇ ಇದ್ರು!