ತಾಳೆ ರಾಯರ 693 ರೂಪಾಯಿ

ನಮ್ಮ ಬಡಾವಣೆಯ ದಿನಸಿ ಅಂಗಡಿ ಯಜಮಾನರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ, ಬೋರ್ಡಿನ ಮೇಲೂ ಇದೆ. ಬೀದಿಗೆ ಮಾತ್ರ ಅವರು ತಾಳೆ ರಾಯರು. ತಾಳೆ ಎಣ್ಣೆ ಮಾರುತ್ತಾರೆ ಅಂತಲ್ಲ, ಆ ವಿಷಯದಲ್ಲಿ ಅವರು ಕಟ್ಟಾ ಕಡಲೆಕಾಯಿ ಎಣ್ಣೆ ಪಕ್ಷ. ಲೆಕ್ಕ ತಾಳೆಯಾಗದೆ ಷಟರ್ ಎಳೆಯುವುದಿಲ್ಲ, ಅದಕ್ಕೆ.

ನಗದಿನ ಕಾಲದಲ್ಲಿ ಇದೊಂದು ಸುಖವಾದ ಚಟವಾಗಿತ್ತು. ರಾತ್ರಿ ಗಲ್ಲಾಪೆಟ್ಟಿಗೆ ಮಗುಚಿ, ಚಿಲ್ಲರೆಯನ್ನು ಗುಡ್ಡೆ ಹಾಕಿ, ಐದು ರೂಪಾಯಿ ಕಮ್ಮಿ ಬಂದರೆ ಅಂಗಡಿ ಹುಡುಗನ ಮುಖ ನೋಡಿ, ಮೂಟೆ ಸಂದಿಯಿಂದ ನಾಣ್ಯ ಹೆಕ್ಕಿ, ಮನೆಗೆ ಹೋಗಿ ಮಲಗುತ್ತಿದ್ದರು. ಈಗ ಗಿರಾಕಿ ಇವತ್ತು ಕೊಟ್ಟ ದುಡ್ಡು ನಾಳೆ ಬೆಳಿಗ್ಗೆ ಬ್ಯಾಂಕಿಗೆ ಬರುತ್ತದೆ. ಮೂವತ್ತೆಂಟು ಜನ ಕೊಟ್ಟದ್ದು ಒಂದೇ ಉಂಡೆಯಾಗಿ ಬರುತ್ತದೆ. ಆ ಉಂಡೆಯನ್ನು ದಾರಿಯಲ್ಲಿ ಯಾರೋ ಸ್ವಲ್ಪ ಕಚ್ಚಿರುತ್ತಾರೆ. ಕಚ್ಚಿದವರು ಯಾರು ಅಂತ ಗೊತ್ತಾಗುವ ತನಕ ರಾಯರಿಗೆ ಕಾಫಿ ಸೇರುವುದಿಲ್ಲ.

ಅವರದ್ದೊಂದು ಉದ್ದದ ಪುಸ್ತಕವಿದೆ. ಸೌಂಡ್‌ಬಾಕ್ಸ್ ಒಂದೊಂದು ಸಲ ಕೂಗಿದಾಗಲೂ ಎಡಗಡೆ ಮೊತ್ತ ಬರೆಯುತ್ತಾರೆ. ಆ ಡಬ್ಬಿಯನ್ನು ಅವರು ಕರೆಯುವುದು 'ಹುಡುಗಿ' ಅಂತ. "ಹುಡುಗಿ ಕೂಗಿದ್ಲೇನೋ?" ಅಂತ ಅವರು ಒಳಗಿನಿಂದ ಕೇಳುವುದನ್ನು ಹೊಸ ಗಿರಾಕಿಗಳು ತಪ್ಪು ತಿಳಿದದ್ದೂ ಉಂಟು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಈ ಒಂದು ತಪ್ಪಿಗೆ ಅಂಗಡಿಯ ಸ್ಟೂಲು ನನಗೆ ಕಾಯಂ ಆಗಿದೆ. ಕಳೆದ ತಿಂಗಳು ಮೂರನೇ ತಾರೀಕು ಬೆಳಿಗ್ಗೆ ಹಾಲಿಗೆ ಹೋದವನನ್ನು ಕೈಹಿಡಿದು ಕೂರಿಸಿದರು.

"ನೋಡಿ ಸಾರ್. ನಿನ್ನೆ ಪುಸ್ತಕದಲ್ಲಿ 9,846. ಬ್ಯಾಂಕಿಗೆ ಬಂದಿರೋದು 9,153. 693 ರೂಪಾಯಿ ಎಲ್ಲಿ?"

"ಆ್ಯಪ್‌ನಲ್ಲಿ ನಿನ್ನೆ ಮೊತ್ತ ಎಷ್ಟಿದೆ?"

"ಆ್ಯಪ್ ಯಾಕೆ ಸಾರ್? ಪುಸ್ತಕ ಇದೆ, ಪಾಸ್‌ಬುಕ್ ಇದೆ. ಇನ್ನೇನು ಬೇಕು?"

ರಾಯರಂಥವರೆಲ್ಲ ಎಡವುವುದು ಇಲ್ಲೇ. ಮನೆಯಿಂದ ನೇರ ಕಾಶಿಗೆ ಹೆಜ್ಜೆ ಹಾಕುತ್ತಾರೆ, ನಡುವಿನ ಊರುಗಳನ್ನು ಒಪ್ಪುವುದಿಲ್ಲ. ಪುಸ್ತಕಕ್ಕೂ ಬ್ಯಾಂಕಿಗೂ ಮಧ್ಯೆ ಎರಡು ಊರಿವೆ: ಆ ದಿನ ಆ್ಯಪ್‌ನಲ್ಲಿ ಬಿದ್ದ ಪಾವತಿಗಳ ಪಟ್ಟಿ ಒಂದು, ಉಂಡೆ ಕಟ್ಟಿದ ವಿವರ ಹೇಳುವ ಸೆಟಲ್‌ಮೆಂಟ್ ವರದಿ ಇನ್ನೊಂದು. ಪ್ರತಿ ಗಿರಾಕಿಯ ಪಾವತಿಗೂ ಹನ್ನೆರಡು ಅಂಕಿಯ ಆರ್‌ಆರ್‌ಎನ್ ಇರುತ್ತದೆ. ಉಂಡೆಗೆ ಅದರದೇ ಯುಟಿಆರ್ ಇರುತ್ತದೆ. ಪಾಸ್‌ಬುಕ್‌ನಲ್ಲಿ ಕಾಣುವುದು ಉಂಡೆಯ ನಂಬರು ಮಾತ್ರ. ಅದನ್ನೇ ವರದಿಯಲ್ಲಿ ಹುಡುಕಿದರೆ, ಅದರೊಳಗೆ ಯಾರ್‍ಯಾರ ಪಾವತಿ ಇದೆ ಅಂತ ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ವರದಿಯನ್ನು ಇಳಿಸಿಕೊಂಡು ಕೂತೆವು. ಮೊದಲು ಸಿಕ್ಕಿದ್ದು 118 ರೂಪಾಯಿ. ಹುಡುಗಿಯ ತಿಂಗಳ ಬಾಡಿಗೆ 100, ಅದಕ್ಕೆ ಜಿಎಸ್‌ಟಿ 18.

"ಕೂಗೋದಕ್ಕೂ ಸಂಬಳವಾ!" ಎಂದರು ರಾಯರು. ಪ್ರತಿ ತಿಂಗಳೂ ಇದನ್ನೇ ಅನ್ನುತ್ತಾರೆ.

ಆಮೇಲೆ 59. ಆವತ್ತು ಯಾರೋ 2,500 ರೂಪಾಯಿಗೆ ಎಣ್ಣೆ ಟಿನ್ನು, ಬೇಳೆ ಕೊಂಡು, ಆ್ಯಪ್‌ಗೆ ಜೋಡಿಸಿದ್ದ ರುಪೇ ಕ್ರೆಡಿಟ್ ಕಾರ್ಡಿನಿಂದ ಸ್ಕ್ಯಾನ್ ಮಾಡಿದ್ದರು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವನು ಶುಲ್ಕ ಕೊಡಬೇಕಿಲ್ಲ. ಕ್ರೆಡಿಟ್ ಕಾರ್ಡಿನ ದುಡ್ಡು ಹಾಗಲ್ಲ. ಸಣ್ಣ ಅಂಗಡಿಗೆ 2,000ದವರೆಗೆ ಮಾಫಿ, ಅದು ದಾಟಿದರೆ ಕಡಿತ. ವರದಿಯಲ್ಲಿ 50 ಶುಲ್ಕ, 9 ಜಿಎಸ್‌ಟಿ ಅಂತ ಬೇರೆಬೇರೆಯಾಗಿಯೇ ಇತ್ತು. ಕೌಂಟರಿನಲ್ಲಿ ಮಾತ್ರ ಎರಡು ಬಗೆಯ ದುಡ್ಡಿಗೂ ಹುಡುಗಿ ಒಂದೇ ರಾಗದಲ್ಲಿ ಕೂಗುತ್ತಾಳೆ.

ಮೂರನೆಯದು ಹೊತ್ತಿನ ತಕರಾರು. ರಾಯರ ದಿನ ಮುಗಿಯುವುದು ರಾತ್ರಿ ಹತ್ತೂವರೆಗೆ, ಆ್ಯಪ್‌ನ ದಿನ ನಡುರಾತ್ರಿಗೆ. ಉಂಡೆ ಕಟ್ಟುವವರ ದಿನ ಅವರ ವರದಿಯ ಪ್ರಕಾರ ಹತ್ತಕ್ಕೇ ಮುಗಿದಿತ್ತು. ಎರಡನೇ ತಾರೀಕು ಹತ್ತರ ಮೇಲೆ ಬಿದ್ದ 620 ರೂಪಾಯಿ ಮುಂದಿನ ಉಂಡೆಗೆ ಹೋಗಿತ್ತು. ಒಂದನೇ ತಾರೀಕು ಹತ್ತರ ಮೇಲೆ ಬಿದ್ದ 340 ಈ ಉಂಡೆಯಲ್ಲಿತ್ತು. ಹೋದದ್ದರಲ್ಲಿ ಬಂದದ್ದು ಕಳೆದರೆ ಕೊರತೆ 280.

118, 59, 280. ಕೂಡಿದರೆ 457. ಉಳಿದದ್ದು 236.

ರಾಯರ ಕಣ್ಣು ಹೊಳೆಯಿತು. "ಸಾರ್! 200ಕ್ಕೆ 18 ಪರ್ಸೆಂಟ್ ಎಷ್ಟು? 36! 236 ಆಯ್ತಲ್ಲ! ಇನ್ಯಾವುದೋ ಬಾಡಿಗೆ ಮುರ್ಕೊಂಡಿದ್ದಾರೆ ಕಳ್ಳನನ್ಮಕ್ಳು!"

ಅಂಕಿ ಇಷ್ಟು ಚೆಂದವಾಗಿ ಕೂತಾಗ ನಂಬದಿರುವುದು ಕಷ್ಟ. ನಾನೂ ನಂಬಿದೆ. ಮುಂದಿನ ಎರಡು ಗಂಟೆ ಸಹಾಯವಾಣಿಗೆ ಫೋನು. ಒಂದು ಒತ್ತಿ, ಮೂರು ಒತ್ತಿ, ವೀಣೆ ಕೇಳಿ, ಮತ್ತೆ ಒಂದು ಒತ್ತಿ. ಗಿರಾಕಿಗಳು ಉಪ್ಪು ಕೇಳಿದರೆ ರಾಯರು ಕೈಯಲ್ಲೇ 'ಇರಿ' ಅನ್ನುತ್ತಿದ್ದರು. ಕೊನೆಗೆ ಆ ಕಡೆಯ ಹೆಣ್ಣುಮಗಳು, "ಅಂಥ ಕಡಿತವೇ ಇಲ್ಲ ಸರ್, ವರದಿಯಲ್ಲಿದ್ದರೆ ಸಾಲಿನ ನಂಬರು ಹೇಳಿ" ಎಂದಳು. ಸಾಲು ಇರಲಿಲ್ಲ. ಇದ್ದದ್ದು ನಮ್ಮ ಗುಣಾಕಾರ ಮಾತ್ರ.

ಆಗಲೇ ನನಗೆ ನಾಚಿಕೆಯಾಗಿ, ಬೆಳಿಗ್ಗೆ ಕೇಳಿ ಬಿಟ್ಟುಬಿಟ್ಟಿದ್ದ ಪ್ರಶ್ನೆಯನ್ನು ಮತ್ತೆ ಕೇಳಿದ್ದು: ಆ್ಯಪ್‌ನಲ್ಲಿ ನಿನ್ನೆ ಮೊತ್ತ ಎಷ್ಟು? 9,610. ಪುಸ್ತಕಕ್ಕಿಂತ ಸರಿಯಾಗಿ 236 ಕಮ್ಮಿ. ಅಂದರೆ ಕಡಿತವೇ ಅಲ್ಲ; ಆ ದುಡ್ಡು ಈ ದಾರಿಗೇ ಬಂದಿಲ್ಲ.

ಪುಸ್ತಕದ ಸಾಲುಗಳಿಗೆ ಒಂದೊಂದೇ ಟಿಕ್ ಹಾಕುತ್ತ ಬಂದರೆ, ಸಂಜೆ ಆರೂಕಾಲಿನ 236ಕ್ಕೆ ಆ್ಯಪ್‌ನಲ್ಲಿ ಜೋಡಿ ಇಲ್ಲ. ರಾಯರಿಗೆ ನೆನಪಾಯಿತು: ತೊಗರಿಬೇಳೆ ತೂಗುತ್ತಿದ್ದಾಗ ಮೂಲೆಮನೆ ಮೇಷ್ಟ್ರು ಫೋನ್ ತೋರಿಸಿದರು, ಹಸಿರು ಟಿಕ್ ಕಂಡಿತು, ಬರೆದುಕೊಂಡರು. ಹುಡುಗಿ ಕೂಗಿರಲಿಲ್ಲ.

ಮೇಷ್ಟ್ರನ್ನು ಕರೆಸಿದ್ದಾಯಿತು. ಪಾಪ, ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಕೋರ್ಟಿಗೆ ಬಂದವರ ಹಾಗೆ. ಅವರ ಫೋನಿನಲ್ಲಿ ಪಾವತಿ ಯಶಸ್ವಿ, ಆರ್‌ಆರ್‌ಎನ್ ಇದೆ, ಪಡೆದವರ ಹೆಸರೂ ಇದೆ. ಅದು ರಾಯರ ಮಗನ ಹೆಸರು.

ಬಿಸ್ಕತ್ ಡಬ್ಬಿಯ ಮೇಲೆ, ಎರಡು ವರ್ಷದ ಹಿಂದೆ ಮಗರಾಯ ಅಂಟಿಸಿದ್ದ ಅವನ ಸ್ವಂತ ಖಾತೆಯ ಕ್ಯೂಆರ್ ಇನ್ನೂ ನಗುತ್ತಿತ್ತು. ಅದಕ್ಕೆ ಹುಡುಗಿಯೂ ಇಲ್ಲ, ಉಂಡೆಯೂ ಇಲ್ಲ, ದುಡ್ಡು ಆಗಿಂದಾಗಲೇ ನೇರವಾಗಿ ಉಳಿತಾಯ ಖಾತೆಗೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಸ್ವಂತದ್ದು ಅಂಗಡಿಯದ್ದು ಒಂದೇ ರಾಶಿ ಮಾಡಬಾರದು ಅಂತ ಇಡೀ ಬೀದಿಗೆ ಭಾಷಣ ಮಾಡಿದ್ದವರು ಇದೇ ರಾಯರು.

"ಏನೋ ಇದು?"

"236 ತಾನೇ ಅಪ್ಪ, ನಿನ್ನೆ ರಾತ್ರಿನೇ ಗೋಬಿಗೆ ಹೋಯ್ತು" ಎಂದ ಮಗ, ಫೋನಿನಿಂದ ತಲೆ ಎತ್ತದೆ.

ರಾಯರು ಚಾಕು ತಂದು ಸ್ಟಿಕ್ಕರ್ ಕೆರೆದರು. ಪುಸ್ತಕದಲ್ಲಿ 'ಮಗನ ಖಾತೆ, ಬರಬೇಕಾದ ಬಾಕಿ' ಅಂತ ಕೆಂಪು ಶಾಯಿಯಲ್ಲಿ ಬರೆದರು. ಅಂದಿನಿಂದ ಮೊದಲು ಪುಸ್ತಕಕ್ಕೂ ಆ್ಯಪ್‌ಗೂ, ಆಮೇಲೆ ಆ್ಯಪ್‌ಗೂ ವರದಿಗೂ, ಕೊನೆಗೆ ವರದಿಗೂ ಬ್ಯಾಂಕಿಗೂ ತಾಳೆ ನೋಡುತ್ತಾರೆ.

ಮೊನ್ನೆ ಬೆಳಿಗ್ಗೆ ಹೋದಾಗ ಮುಖ ಬಾಡಿತ್ತು. ಮತ್ತೆ ಎಷ್ಟು ಕಮ್ಮಿ ಬಂತು ಅಂತ ಕೇಳಿದೆ.

"ಏನೂ ಕಮ್ಮಿ ಬಂದಿಲ್ಲ ಸಾರ್. ಪುಸ್ತಕ 7,415, ಬ್ಯಾಂಕ್ 7,415. ಅದೇ ಭಯ. ಹತ್ತರ ಮೇಲೆ ಮೂರು ಗಿರಾಕಿ ಬಂದಿದ್ರು. ಅವರದ್ದು ಈ ಉಂಡೆಗೆ ಸೇರಿರೋಕೆ ಸಾಧ್ಯವೇ ಇಲ್ಲ. ಅಂದ್ಮೇಲೆ ಎಲ್ಲೋ ಎರಡು ತಪ್ಪು ಒಂದಕ್ಕೊಂದು ವಜಾ ಆಗಿವೆ" ಅಂದರು. ಸ್ಟೂಲಿನ ಮೇಲಿದ್ದ ಬೆಲ್ಲದ ಪೊಟ್ಟಣ ಎತ್ತಿಟ್ಟು, "ಕೂತ್ಕೊಳ್ಳಿ" ಎಂದರು.