ಶುಭಾಶಯದೋಷ ನಿರ್ಣಯ: ಆಡಿಟರ್ ಆಫೀಸಿನ ಒಂದು ಸಂದೇಶಕ್ಕೆ ಭಾಷ್ಯ

ಪೀಠಿಕೆ

ಕಾವ್ಯದ ದೋಷಗಳನ್ನು ಎಣಿಸಿಟ್ಟವರಿಗೆ ನಮ್ಮಲ್ಲಿ ಬರವಿಲ್ಲ. ದಂಡಿ ‘ಕಾವ್ಯಾದರ್ಶ’ದಲ್ಲಿ ಹತ್ತು ದೋಷ ಹೇಳಿದ. ಅವನ ಗ್ರಂಥವನ್ನು ಎದುರಿಗಿಟ್ಟುಕೊಂಡು ಹೊರಟ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೂ ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ವಿಚಾರಣೆಗೇ ಬಿಟ್ಟುಕೊಟ್ಟಿತು. ಆದರೆ ಜನವರಿ ಒಂದರಂದು ಯಜಮಾನನಾದವನು ತನ್ನ ಕೈಕೆಳಗಿನವರಿಗೆ ಕಳಿಸುವ ಶುಭಾಶಯವೆಂಬ ಗದ್ಯಪ್ರಕಾರವನ್ನು ಈ ಮಹನೀಯರು ಯಾರೂ ಮುಟ್ಟಲಿಲ್ಲ. ಅವರ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ ಎಂಬ ಸಬೂಬನ್ನು ವಿದ್ವತ್ ಲೋಕ ಒಪ್ಪಿದರೆ ಒಪ್ಪಲಿ. ಕೈಕೆಳಗಿನವರಂತೂ ಇದ್ದರು. ಹೀಗೆ ಸಾವಿರ ವರ್ಷಕ್ಕೂ ಮಿಕ್ಕಿ ಖಾಲಿ ಬಿದ್ದಿದ್ದ ಜಾಗವನ್ನು ತುಂಬುವ ಭಾರ, ಬೇರೆ ಯಾರೂ ಅರ್ಜಿ ಹಾಕದ ಕಾರಣ, ಈ ಲೇಖಕನ ಹೆಗಲಿಗೆ ಬಿದ್ದಿದೆ.

ಲಕ್ಷ್ಯವಾಗಿ ಆರಿಸಿಕೊಂಡದ್ದು ಒಂದು ಆಡಿಟರ್ ಆಫೀಸು. ಊರು, ಹೆಸರು ಬೇಡ. ಒಬ್ಬ ಆಡಿಟರು, ಒಬ್ಬ ಹಿರಿಯ ಅಕೌಂಟೆಂಟ್ ಮೇಡಂ, ಇಬ್ಬರು ಟ್ಯಾಲಿ ಹುಡುಗರು, ಮೂವರು ಆರ್ಟಿಕಲ್ ವಿದ್ಯಾರ್ಥಿಗಳು, ಚಲನ್ ಕಟ್ಟಿ ಕಾಫಿ ತರುವ ಒಬ್ಬರು. ಇದನ್ನೇ ಏಕೆ ಆರಿಸಿದೆ ಎಂದರೆ, ನಾಡೆಲ್ಲ ಕೇಕ್ ಕತ್ತರಿಸುವ ರಾತ್ರಿಯಲ್ಲಿ ಈ ಮಂದಿ ಪೋರ್ಟಲ್ ಮುಂದೆ ಕೂತಿರುತ್ತಾರೆ. ತಡವಾದ ಆದಾಯ ತೆರಿಗೆ ರಿಟರ್ನಿಗೂ ಜಿಎಸ್‌ಟಿಯ ವಾರ್ಷಿಕ ರಿಟರ್ನಿಗೂ ಡಿಸೆಂಬರ್ 31 ಕಡೆಯ ದಿನ. ವರ್ಷಪೂರ್ತಿ ನಾಪತ್ತೆಯಾಗಿದ್ದ ಪಾರ್ಟಿ ಅವತ್ತು ಸಂಜೆ ಪ್ರತ್ಯಕ್ಷವಾಗಿ ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಡ್ಡಡ್ಡ ಫೋಟೋ ಹೊಡೆದು ಕಳಿಸುತ್ತದೆ. ಎಲ್ಲ ತುಂಬಿ ಸಬ್‌ಮಿಟ್ ಒತ್ತುವಾಗ ಓಟಿಪಿ ಹೋಗುವುದು ಪಾರ್ಟಿಯ ಫೋನಿಗೆ, ಫೋನು ಇರುವುದು ಪಾರ್ಟಿಯ ಮಗನ ಕೈಯಲ್ಲಿ, ಮಗ ಇರುವುದು ಡಿಜೆ ಮುಂದೆ. ಇಂಥ ರಾತ್ರಿ ಕಳೆದು ಎದ್ದವರಿಗೆ ಶುಭ ಕೋರುವುದೇ ಈ ಗದ್ಯಪ್ರಕಾರದ ಅಗ್ನಿಪರೀಕ್ಷೆ.

ದೋಷಪ್ರಕರಣ

ಒಂದು ಜನವರಿಯ ಬೆಳಿಗ್ಗೆ ಆಡಿಟರು ಆಫೀಸಿನ ಗ್ರೂಪಿಗೆ ಹಾಕಿದ ಮೂಲಪಾಠ ಹೀಗಿದೆ:

“ಆತ್ಮೀಯರೇ, ಕಳೆದ ವರ್ಷವನ್ನು ಮರೆತು ಹೊಸ ಚಿಗುರಿನಂತೆ ಮುನ್ನಡೆಯೋಣ. ಹೊಸ ವರ್ಷ ನಿಮಗೂ ನಿಮ್ಮ ಕುಟುಂಬಕ್ಕೂ ಸುಖ, ಸಂತೋಷ, ಹರ್ಷ, ನೆಮ್ಮದಿ ತರಲಿ. ಕಳೆದ ವರ್ಷದ ಸಾಧನೆಯನ್ನು ನೆನೆದು ಹೊಸ ಎತ್ತರಕ್ಕೆ ಏರೋಣ. ಕೆಲವು ಬದಲಾವಣೆಗಳನ್ನು ನಿರೀಕ್ಷಿಸಿ. ನಾವೆಲ್ಲ ಒಂದೇ ಕುಟುಂಬ.”

ಇಷ್ಟು ಚಿಕ್ಕ ಪಾಠದಲ್ಲಿ ದಂಡಿಯ ಪಟ್ಟಿಯ ನಾಲ್ಕು ದೋಷಗಳು ಸಿಗುವುದು ಸಾಮಾನ್ಯ ಸಂಗತಿಯಲ್ಲ. ‘ಸುಖ, ಸಂತೋಷ, ಹರ್ಷ’ ಎಂಬಲ್ಲಿ ಹೇಳಿದ್ದನ್ನೇ ಹೇಳುವ ಏಕಾರ್ಥ ದೋಷ. ಒಂದೇ ಬಿಲ್ಲನ್ನು ಮೂರು ಸಲ ಎಂಟ್ರಿ ಹಾಕಿದರೆ ಟ್ಯಾಲಿ ಹುಡುಗನಿಗೆ ಬೈಗುಳ, ಯಜಮಾನರು ಹಾಕಿದರೆ ಶುಭಾಶಯ. ಹಿಂದು ಮುಂದಿನ ಮಾತು ಒಂದಕ್ಕೊಂದು ಹೊಡೆದಾಡಿದರೆ ಅದು ವ್ಯರ್ಥ. ಮೊದಲ ವಾಕ್ಯದಲ್ಲಿ ಕಳೆದ ವರ್ಷವನ್ನು ಮರೆಯಬೇಕು, ಮೂರನೆಯದರಲ್ಲಿ ನೆನೆಯಬೇಕು. ‘ನಿಮ್ಮ ಕುಟುಂಬ’ ಮತ್ತು ‘ಒಂದೇ ಕುಟುಂಬ’ ಎಂಬಲ್ಲಿ ತೊಡಕು ಇನ್ನೂ ಗಹನ. ನಾವೆಲ್ಲ ಒಂದೇ ಕುಟುಂಬವಾದರೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ ‘ಊಟಕ್ಕೆ ಬರ್ತೀಯೋ ಇಲ್ಲವೋ’ ಎಂದು ಕೇಳುವ ಕುಟುಂಬ ಯಾವುದು? ಅವಿಭಕ್ತ ಹಿಂದೂ ಕುಟುಂಬಕ್ಕೆ ಬೇರೆಯೇ ಪ್ಯಾನ್ ಇರುತ್ತದೆ ಎಂದು ಬಲ್ಲ ಓದುಗರ ಮುಂದೆ ಈ ಮಾತು ಆಡುವುದು ಧೈರ್ಯದ ಕೆಲಸ.

‘ಹೊಸ ಚಿಗುರು’ ದೇಶಕಾಲವಿರೋಧಿ. ಚಿಗುರು ಯುಗಾದಿಯ ಸೊತ್ತು. ಜನವರಿಯಲ್ಲಿ ನಮ್ಮ ಕಡೆ ಇರುವುದು ಮಾಗಿಯ ಚಳಿ, ಒಣಗಿದ ತುಟಿ, ಸೊಗಡಿನ ಅವರೆಕಾಯಿ. ಇನ್ನು ಆಡಿಟರ್ ಆಫೀಸಿಗೆ ಜನವರಿ ವರ್ಷಾರಂಭವೂ ಅಲ್ಲ, ಹಣಕಾಸು ವರ್ಷದ ಹತ್ತನೆಯ ತಿಂಗಳು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿ ಎದ್ದ ಮೇಲೆ ಬಂದು ನಾಂದಿ ಮಾಡಿಸುವ ಪುರೋಹಿತರಂತೆ ಕಾಣುತ್ತಾರೆ, ಇಲ್ಲಿ ‘ಹೊಸದಾಗಿ ಆರಂಭಿಸೋಣ’ ಎನ್ನುವವರು.

ಆದರೆ ಇವೆಲ್ಲ ಯಾರಿಗೂ ನೋವು ಮಾಡದ ದೋಷಗಳು. ನಿಜಕ್ಕೂ ಕೆಟ್ಟದ್ದು ಸಸಂಶಯ. ‘ಕೆಲವು ಬದಲಾವಣೆಗಳನ್ನು ನಿರೀಕ್ಷಿಸಿ’ ಎಂದದ್ದು ಏಕೆಂದು ಆಮೇಲೆ ತಿಳಿಯಿತು: ಆಡಿಟರು ಪ್ರಿಂಟರನ್ನು ಕಿಟಕಿ ಪಕ್ಕಕ್ಕೆ ಇಡಬೇಕೆಂದಿದ್ದರು, ಅಷ್ಟೇ. ಓದಿದವರು ಪ್ರಿಂಟರನ್ನು ನೆನೆಯಲಿಲ್ಲ. ಟ್ಯಾಲಿ ಹುಡುಗರಲ್ಲಿ ಒಬ್ಬ ಮಧ್ಯಾಹ್ನದೊಳಗೆ ತನ್ನ ಬಯೋಡೇಟಾವನ್ನು ಬೇರೆ ಎರಡು ಕಡೆ ಕಳಿಸಿದ. ಮೇಡಂ ತಮ್ಮ ಸಂಬಳದ ಮಾತು ಮತ್ತೆ ಮುಂದಕ್ಕೆ ಹೋಯಿತೆಂದು ತೀರ್ಮಾನಿಸಿದರು. ಬದಲಾವಣೆ ಏನೆಂದು ಹೇಳುವ ಹಾಗಿದ್ದರೆ ಶುಭಾಶಯದಲ್ಲಿ ಹೇಳಿಬಿಡಬೇಕು, ಹೇಳುವ ಹಾಗಿಲ್ಲದಿದ್ದರೆ ಸುಳಿವನ್ನೂ ಕೊಡಬಾರದು. ಕೆಳಗೆ ಕೂತವರು ಅಸ್ಪಷ್ಟ ವಾಕ್ಯವನ್ನು ಯಾವತ್ತೂ ತಮಗೆ ಲಾಭವಾಗುವ ಕಡೆಗೆ ಅರ್ಥಮಾಡಿಕೊಳ್ಳುವುದಿಲ್ಲ.

ಪೂರ್ವಪಕ್ಷ

‘ಯಾರೂ ಓದುವುದಿಲ್ಲ, ಕಳಿಸಿದರಾಯಿತು’ ಎನ್ನುವವರಿದ್ದಾರೆ. ಇದಕ್ಕೆ ಪ್ರತ್ಯಕ್ಷವೇ ಉತ್ತರ. ‘ನಾಳೆ ಹನ್ನೊಂದಕ್ಕೆ ಬಂದರೆ ಸಾಕು’ ಎಂಬ ನಾಲ್ಕು ಪದಗಳನ್ನು ಸಂದೇಶದ ನಟ್ಟನಡುವೆ ಹೂತಿಟ್ಟು ನೋಡಿ. ಏಳು ಜನರಲ್ಲಿ ಒಬ್ಬರೂ ಮರುದಿನ ಹತ್ತಕ್ಕೆ ಬರುವುದಿಲ್ಲ. ಓದುವುದಿಲ್ಲ ಎಂಬುದು ಓದುವುದಕ್ಕೆ ಏನೂ ಇಲ್ಲದ ಸಂದೇಶಗಳ ಮಾತು.

ಸಿದ್ಧಾಂತ

ಲಕ್ಷಣವನ್ನು ಹೀಗೆ ಕಟ್ಟಬಹುದು: ಪಕ್ಕದ ಬೇಕರಿಯ ಯಜಮಾನ ಒಂದಕ್ಷರ ತಿದ್ದದೆ ತನ್ನ ಹುಡುಗರಿಗೆ ಕಳಿಸಬಹುದಾದ ಸಂದೇಶ ದುಷ್ಟ. ಕಳಿಸಿದರೆ ಬೇಕರಿಯ ಹುಡುಗರು ತಲೆ ಕೆರೆದುಕೊಳ್ಳುವಂತಿದ್ದರೆ ಅದು ಶಿಷ್ಟ.

ಈ ಬೇಕರಿನ್ಯಾಯವನ್ನು ಆಡಿಟರಿಗೆ ತಿಳಿಸಿದಾಗ ಅವರು ಉತ್ಸಾಹದಿಂದ ಇನ್ನೊಂದು ಹಳ್ಳಕ್ಕೆ ಬಿದ್ದರು. ಮರುವರ್ಷದ ಮೊದಲ ಕರಡಿನಲ್ಲಿ ಚಿಗುರು, ಎತ್ತರ ಎಲ್ಲ ಹೋಗಿ ಬರೀ ತಾರೀಕುಗಳು ಬಂದಿದ್ದವು: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, 31ಕ್ಕೆ ಮೂರನೇ ತ್ರೈಮಾಸಿಕದ ಟಿಡಿಎಸ್ ರಿಟರ್ನ್, ಮಾರ್ಚ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್. ಬೇಕರಿಯವನು ಇದನ್ನು ಖಂಡಿತ ಕಳಿಸಲಾರ, ನಿಜ. ಆದರೆ ಇದು ಶುಭಾಶಯವಲ್ಲ, ನೋಟಿಸು. ಈ ತಾರೀಕುಗಳು ಹೇಗೂ ಗೋಡೆಯ ಮೇಲಿವೆ, ಕನಸಿನಲ್ಲೂ ಬರುತ್ತವೆ.

ಇಲ್ಲಿ ಒಂದು ಭೇದವನ್ನು ಹಿಡಿಯಬೇಕು. ಮುಂದಿನ ತಿಂಗಳುಗಳ ಬಗ್ಗೆ ಯಜಮಾನ ಹೇಳಬಹುದಾದ ಮಾತು ಮೂರು ಬಗೆ. ತನ್ನ ಕೈಯಲ್ಲೂ ಕೇಳುವವರ ಕೈಯಲ್ಲೂ ಇಲ್ಲದ್ದು ಆಶೀರ್ವಾದ. ಅದನ್ನು ಹಿರಿಯರಿಗೂ ಮಠಗಳಿಗೂ ಬಿಡುವುದು ಕ್ಷೇಮ. ಕೇಳುವವರ ಕೈಯಲ್ಲಿ ಮಾತ್ರ ಇರುವುದು ಆಜ್ಞೆ. ಅದಕ್ಕೆ ಜನವರಿ ಒಂದೇ ಆಗಬೇಕಿಲ್ಲ. ತಾನೂ ಒಂದು ಕೈ ಹಾಕಿದರೆ ಮಾತ್ರ ಆಗುವಂಥದ್ದು, ಆದದ್ದು ಆಗದ್ದು ಇಂಥ ದಿನ ಕಣ್ಣಿಗೆ ಕಾಣುವಂಥದ್ದು, ಅದೇ ಇಲ್ಲಿ ಹೇಳಬೇಕಾದ ಆಸೆ. ‘ಆರ್ಟಿಕಲ್ ಹುಡುಗರೆಲ್ಲ ಪಾಸಾಗಲಿ’ ಎಂಬುದನ್ನೇ ನೋಡಿ. ಪಾಸು ಮಾಡುವುದು ಆಡಿಟರ ಕೈಯಲ್ಲಿಲ್ಲ. ಓದುರಜೆ ಕೊಡುವುದು ಇದೆ. ಸಿಎ ಪರೀಕ್ಷೆ ಮೇ ತಿಂಗಳಲ್ಲೂ ಇರುತ್ತದೆ, ಅದಕ್ಕೆ ರಜೆ ಬೇಕಾಗುವುದು ಮಾರ್ಚ್ ಏಪ್ರಿಲ್‌ನಲ್ಲಿ, ಆಫೀಸಿನಲ್ಲಿ ಉಸಿರು ಬಿಡಲು ಪುರುಸೊತ್ತಿಲ್ಲದಿರುವುದೂ ಆಗಲೇ. ಪಾಸಾಗಲಿ ಎಂದು ಜನವರಿಯಲ್ಲಿ ಹರಸಿ, ಮಾರ್ಚ್‌ನಲ್ಲಿ ‘ಈಗ ರಜೆಯೇನಪ್ಪಾ’ ಎಂದು ಗದರುವವರನ್ನು ಯಾವ ದೋಷದಲ್ಲಿ ಸೇರಿಸಬೇಕೋ ದಂಡಿಗೂ ಹೊಳೆಯಲಿಕ್ಕಿಲ್ಲ.

ಹೀಗೆ ಸೋಸಿ ಉಳಿದ ಕರಡನ್ನು ಕಳಿಸುವ ಮುಂಚೆ ಆಫೀಸಿನ ಕೆಲಸ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಬೇಕು. ಅಲಂಕಾರಶಾಸ್ತ್ರ ಬಲ್ಲವರಿಗೆ ಬೇಡ. ಆಡಿಟರು ಅಕೌಂಟೆಂಟ್ ಮೇಡಂಗೆ ತೋರಿಸಿದರು. ‘ಏಪ್ರಿಲ್‌ನಿಂದ ಶನಿವಾರ ಅರ್ಧ ದಿನ’ ಎಂಬಲ್ಲಿ ಅವರ ಬೆರಳು ನಿಂತಿತು.

“ಏಪ್ರಿಲ್‌ನಲ್ಲಿ ಬ್ಯಾಂಕ್ ಬ್ರಾಂಚ್ ಆಡಿಟ್ ಇರುತ್ತಲ್ಲ ಸಾರ್. ಭಾನುವಾರವೂ ಬರಬೇಕಾಗುತ್ತೆ.”

“ಹಾಗಾದ್ರೆ ಮೇ ಅಂತ ಹಾಕಲೇ?”

“ಮೇ, ಜೂನ್ ಹಾಕಿ. ಜುಲೈ ಮಾತ್ರ ಬಾಯಿಬಿಡಬೇಡಿ.”

ಅಂತಿಮ ಪಾಠ ಇದು:

“ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕೊನೆಯ ರಿಟರ್ನ್ ಹೋಯಿತು. ಇವತ್ತು ರಜೆ, ನಾಳೆ ಹನ್ನೊಂದಕ್ಕೆ ಬಂದರೆ ಸಾಕು. ಮುಂದಿನ ತಿಂಗಳುಗಳ ಬಗ್ಗೆ ನನಗೆ ಮೂರು ಆಸೆ ಇದೆ. ಪಾರ್ಟಿಗಳ ಖರೀದಿ ಬಿಲ್ಲು 18, 19ಕ್ಕೆ ಬರುವ ಬದಲು 10ರೊಳಗೆ ಬರಬೇಕು. ಫೋನ್ ಮಾಡಿ ಬೈಸಿಕೊಳ್ಳುವ ಕೆಲಸ ಇನ್ನು ಮೇಲೆ ನನ್ನದು. ಮೇ ಪರೀಕ್ಷೆಗೆ ಕೂರುವವರು ಓದುರಜೆಯ ಅರ್ಜಿಯನ್ನು ಈ ತಿಂಗಳೇ ಕೊಡಿ, ಮಾರ್ಚ್ ಕೆಲಸ ತೋರಿಸಿ ನಾನು ತಡೆಯುವುದಿಲ್ಲ. ಮೇ, ಜೂನ್‌ನಲ್ಲಿ ಶನಿವಾರ ಎರಡು ಗಂಟೆಗೆ ಬಾಗಿಲು ಹಾಕೋಣ. ಜುಲೈನಲ್ಲಿ ಆಗುವುದಿಲ್ಲ. ಪ್ರಿಂಟರ್ ಕಿಟಕಿ ಪಕ್ಕಕ್ಕೆ ಹೋಗುತ್ತದೆ. ಹೊಸ ವರ್ಷದ ಶುಭಾಶಯ.”

ವ್ಯಾಖ್ಯಾನ

ಬಿಲ್ಲಿನ ಆಸೆ ಏಕೆ ಮೊದಲು ಬಂತೆಂದು ಹೊರಗಿನವರು ಕೇಳಬಹುದು. ಮಾರಿದವನು ತನ್ನ ರಿಟರ್ನಿನಲ್ಲಿ ತೋರಿಸಿದ ಬಿಲ್ಲು ಮಾತ್ರ ಕೊಂಡವನ 2ಬಿ ಪಟ್ಟಿಯಲ್ಲಿ ಕಾಣುತ್ತದೆ. ಪಟ್ಟಿ ಪೋರ್ಟಲಿನಲ್ಲಿ ಬರುವುದು 14ಕ್ಕೆ. ಮಾರಿದವನ ಗಡುವು 11. ಪಾರ್ಟಿಯ ಬಿಲ್ಲು 10ರೊಳಗೆ ಕೈಗೆ ಬಂದಿದ್ದರೆ, ಮಾರಿದವನಿಗೆ ‘ನಮ್ಮ ಬಿಲ್ಲು ಹಾಕಿದ್ದೀರಾ’ ಎಂದು ಕೇಳಲು ಒಂದು ದಿನವಾದರೂ ಸಿಗುತ್ತದೆ. 19ಕ್ಕೆ ಬಂದರೆ ಕೇಳಿ ಪ್ರಯೋಜನವಿಲ್ಲ. ಆ ತಿಂಗಳು ಕ್ರೆಡಿಟ್ ತಪ್ಪುತ್ತದೆ, ಪಾರ್ಟಿ ಬಂದು ಕೂಗಾಡುವುದು ಟ್ಯಾಲಿ ಹುಡುಗನ ಮೇಲೆ. ಹಾಗಾಗಿ ‘ನೆಮ್ಮದಿ’ ಎಂಬ ಪದ ಈ ಪಾಠದಲ್ಲಿ ಇಲ್ಲದಿದ್ದರೂ 10 ಎಂಬ ಅಂಕಿಯ ರೂಪದಲ್ಲಿ ಅದು ಧ್ವನಿತವಾಗಿದೆ. ಆನಂದವರ್ಧನನಿಗೆ ಇಂಥ ಉದಾಹರಣೆ ಸಿಕ್ಕಿರಲಿಲ್ಲ.

‘ಜುಲೈನಲ್ಲಿ ಆಗುವುದಿಲ್ಲ’ ಎಂಬುದು ಅಮಂಗಳವೆಂದು ಕೆಲವರ ಆಕ್ಷೇಪ. ಸಂಬಳದಾರರ ರಿಟರ್ನಿನ ಗಡುವು ಜುಲೈ 31 ಎಂದು ಬಲ್ಲವರು ಆ ವಾಕ್ಯವನ್ನು ಓದಿದ ಮೇಲೆಯೇ ಹಿಂದಿನ ವಾಕ್ಯವನ್ನು ನಂಬಿದರು. ಮೇಡಂ ಸಲಹೆಯನ್ನು ಆಡಿಟರು ಮೀರಿದ್ದು ಇದೊಂದೇ ಕಡೆ, ಸರಿಯಾಗಿಯೇ ಮೀರಿದರು.

ಕೊನೆಯಲ್ಲಿ ‘ಹೊಸ ವರ್ಷದ ಶುಭಾಶಯ’ ಎಂಬ ಸವೆದ ನಾಣ್ಯ ಹಾಗೇ ಉಳಿದಿದೆಯಲ್ಲ ಎಂದು ಕಟ್ಟಾ ದೋಷಜ್ಞರು ಹುಬ್ಬೇರಿಸುತ್ತಾರೆ. ಸಂದರ್ಭ ಒದಗಿದರೆ ದೋಷವೂ ದೋಷವಲ್ಲ ಎಂದು ಶಾಸ್ತ್ರವೇ ಒಪ್ಪುತ್ತದೆ. ಹೇಳುವುದನ್ನೆಲ್ಲ ಹೇಳಿದ ಮೇಲೆ ಬಂದರೆ ಅದು ಕೈಮುಗಿದ ಹಾಗೆ. ಕೈಮುಗಿಯುವುದರಲ್ಲಿ ಯಾರೂ ಹೊಸತನ ಹುಡುಕುವುದಿಲ್ಲ.

ಪ್ರತಿಕ್ರಿಯೆಗಳ ವಿಚಾರ. ಹಳೆಯ ಪಾಠಕ್ಕೆ ಏಳು ಹೆಬ್ಬೆರಳು ಬಂದಿದ್ದವು. ಹೊಸ ಪಾಠಕ್ಕೆ ಬಂದದ್ದು ಎರಡೇ ಹೆಬ್ಬೆರಳು, ಅರ್ಧ ಗಂಟೆಯೊಳಗೆ ಮೂರು ರಜೆ ಅರ್ಜಿ, ಮತ್ತೆ ಮೇಡಂ ಅವರದೊಂದು ಸಾಲು: “ಸಾರ್, ಪೈಪ್ ಅಂಗಡಿ ಪಾರ್ಟಿ ನಂಬರ್ ಕಳಿಸಿದ್ದೀನಿ. ಅವರು ಬೆಳಿಗ್ಗೆ ಒಂಬತ್ತರ ಮೇಲೆ ಫೋನ್ ಎತ್ತಲ್ಲ, ನೀವು ಎಂಟೂವರೆಗೆ ಮಾಡಿ.”