ಮೂರು ಸೀಟಿ, ಹತ್ತು ಬಸ್ಕಿ

ನಮ್ಮ ಬೀದಿಯ ಜಿಮ್ಮಿಗೆ ಕರಪತ್ರ ಬರೆದುಕೊಡುವ ಕೆಲಸ ನನಗೆ ಸಿಕ್ಕಿದ್ದು ನನ್ನ ಕನ್ನಡ ನೋಡಿ, ಗಾತ್ರ ನೋಡಿಯಲ್ಲ ಎಂದೇ ನಂಬಿದ್ದೇನೆ. “ಪುರುಸೊತ್ತಿಲ್ಲದ ತಾಯಂದಿರಿಗೆ ಮೇಡಂ. ಹೆದರಿಸಬೇಡಿ, ಚಿಕ್ಕ ಹೆಜ್ಜೆ ಅಂತ ಬರೀರಿ” ಎಂದರು ಮಾಲೀಕರು.

‘ಆರೋಗ್ಯವೇ ಭಾಗ್ಯ’ ಎಂದು ಬರೆದರೆ ಯಾರೂ ಕೂತಲ್ಲಿಂದ ಏಳುವುದಿಲ್ಲ. ಓದುವವಳು ದಿನವೂ ಮಾಡುವ ಕೆಲಸವೊಂದಕ್ಕೆ ಹೊಸದನ್ನು ಗಂಟು ಹಾಕಬೇಕು. ಹಾಗೆ ಹುಟ್ಟಿತು ನನ್ನ ಸಾಲು: ‘ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಹತ್ತು ಬಸ್ಕಿ. ಇಷ್ಟೇ ಮೊದಲ ಹೆಜ್ಜೆ!’ ವಿಶ್ವ ಆರೋಗ್ಯ ಸಂಸ್ಥೆಯೂ ನನ್ನ ಕಡೆಗಿತ್ತು. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಮೈ ದಣಿಸಬೇಕೆಂಬ ಹಳೆಯ ಕಟ್ಟಳೆಯನ್ನು ಅದು 2020ರಲ್ಲಿ ಕೈಬಿಟ್ಟಿದೆ. ಈಗ ಚೂರುಪಾರೂ ಲೆಕ್ಕಕ್ಕೆ ಸೇರುತ್ತದೆ.

ಬರೆದದ್ದನ್ನು ಮಾಡಿ ನೋಡುವ ದುರ್ಬುದ್ಧಿ ಅಲ್ಲಿಗೇ ಬಂತು. ಬೇಳೆ ಒಲೆಗಿಟ್ಟು, ಸೆರಗು ಸಿಕ್ಕಿಸಿ, ಗೋಡೆಗೊಂದು ಕುರ್ಚಿ ಒತ್ತರಿಸಿದೆ. ಹೊಸಬರು ಕುರ್ಚಿಯ ಅಂಚು ಮುಟ್ಟಿ ಏಳಬೇಕು. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು. ಒಂದು, ಎರಡು, ಮೂರು ಎನ್ನುವಾಗ ಸೀಟಿ. ನಾನು ಎಣಿಸುತ್ತಿದ್ದದ್ದು ಬಸ್ಕಿಯನ್ನೋ ಸೀಟಿಯನ್ನೋ? ಇರಲಿ, ಎರಡನ್ನೂ ಕೂಡಿಸಿ ನಾಲ್ಕು ಎಂದುಕೊಂಡೆ. ಐದಕ್ಕೆ ಮಗ ಬಂದು, “ಅಮ್ಮಾ, ನಿಂಗೂ ಹೋಂವರ್ಕ್ ಮಾಡಿಲ್ಲ ಅಂತಾನಾ?” ಎಂದ. ಆರಕ್ಕೆ ಅತ್ತೆ ಬಾಗಿಲಲ್ಲಿ ನಿಂತು, “ಯಾವ ದೇವರಿಗೆ ಹರಕೆ?” ಎಂದರು. ಏಳಕ್ಕೆ ಖಾಲಿ ಕುರ್ಚಿ ಕಂಡು ಬೆಕ್ಕು ಹತ್ತಿ ಮಲಗಿತು. ಎಂಟಕ್ಕೆ ಬೆಕ್ಕನ್ನು ತಪ್ಪಿಸಲು ಹೋಗಿ ನೆಲಕ್ಕೇ ಕೂತೆ; ಏಳಲಿಲ್ಲ. ಕುಕ್ಕರ್ ಮಾತ್ರ ಸಿನಿಮಾ ಟಾಕೀಸಿನ ಗಾಂಧಿ ಕ್ಲಾಸಿನಂತೆ ಸೀಟಿಯ ಮೇಲೆ ಸೀಟಿ ಹೊಡೆಯಿತು. ಕೊನೆಗೆ ನಮ್ಮವರು ಪೇಪರ್ ಮಡಚಿಟ್ಟು ಬಂದು ಒಲೆ ಆರಿಸಿದರು. ಬೇಳೆ ಗಂಜಿಯಾಗಿತ್ತು.

ನೆಲದ ಮೇಲಿಂದಲೇ ನನಗೆ ಜ್ಞಾನೋದಯವಾಯಿತು. ಅಮ್ಮಂದಿರಿಗೆ ಹೆಜ್ಜೆ ಇಡಲು ಬಾರದೆಂದಲ್ಲ. ಒಲೆ ಆರಿಸಲು ಇನ್ನೊಂದು ಕೈ ಇಲ್ಲ. ಕರಪತ್ರ ತಿದ್ದಿದೆ: ‘ಅಪ್ಪಂದಿರೇ, ಬೆಳಗ್ಗೆ ಆರರಿಂದ ಏಳರವರೆಗೆ ಅಡುಗೆಮನೆ ನಿಮ್ಮದು.’

ಮಾಲೀಕರು ಮೊದಲು ಹೊಡೆದುಹಾಕಿದ್ದೇ ಆ ಸಾಲನ್ನು. ಬದಲಿಗೆ ‘ತಿಂಗಳಿಗೆ 999 ಮಾತ್ರ’ ಎಂದು ಬರೆದು, ಪಕ್ಕದಲ್ಲೊಂದು ನಕ್ಷತ್ರ ಮೂಡಿಸಿದರು. ನಕ್ಷತ್ರದ ಅರ್ಥ ತಳದಲ್ಲಿ, ಇರುವೆಕಾಲಿನಷ್ಟು ಇಂಗ್ಲಿಷಿನಲ್ಲಿ: ವರ್ಷದ್ದು ಒಟ್ಟಿಗೇ ಕಟ್ಟಬೇಕು. ಅಂದರೆ ಮೊದಲ ಚಿಕ್ಕ ಹೆಜ್ಜೆಗೆ 11,988 ರೂಪಾಯಿ! ಜಾಹೀರಾತಿನ ಷರತ್ತು ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿ, ಕಣ್ಣಿಗೆ ಕಾಣುವಂತೆ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ ಎಂದೆ. “ಹಂಗೆ ಹಾಕಿದ್ರೆ ಯಾರು ಬರ್ತಾರೆ ಮೇಡಂ?” ಎಂದರು. ಅಮ್ಮಂದಿರು ಪೇಚಾಡಿದರೂ ಪರವಾಗಿಲ್ಲ, ಓದಬಾರದು ಅಷ್ಟೆ. ನಗು ಬರಲಿಲ್ಲ, ನನ್ನ ಹಾಳೆ ವಾಪಸ್ ತಂದೆ.

ಕರಪತ್ರ ನಿಮ್ಮ ಮನೆಗೂ ಪೇಪರಿನೊಳಗೆ ಬಂದೀತು. ಅಕ್ಕಂದಿರೇ, ದುಡ್ಡು ಕಟ್ಟುವ ಮುಂಚೆ ನಕ್ಷತ್ರ ಓದಿ. ಪೇಪರ್ ಹಿಡಿದ ಅಣ್ಣಂದಿರೇ, ಮೂರನೇ ಸೀಟಿಗೆ ಎದ್ದು ಒಲೆ ಆರಿಸಿ.